ಟಿಕೆಟ್ ರದ್ದಾದರೆ ರಿಯಾಯಿತಿ ಏನಾಗುತ್ತದೆ?

ಬೆಂಗಳೂರಿನಿಂದ ದೆಹಲಿಗೆ ಗಂಡ ಹೆಂಡತಿ ಇಬ್ಬರಿಗೂ ವಿಮಾನದ ಟಿಕೆಟ್ ಬೇಕು ಎಂದುಕೊಳ್ಳಿ. ತಲಾ 7,000ದಂತೆ 14,000 ರೂಪಾಯಿ, ಅದರ ಮೇಲೆ ಬುಕಿಂಗ್ ಆ್ಯಪ್‌ನ ಕನ್ವೀನಿಯನ್ಸ್ ಶುಲ್ಕ 700. ಪ್ರೋಮೋ ಕೋಡ್ ಹಾಕಿದರೆ ಶೇ. 10, ಅಂದರೆ 1,400 ರೂಪಾಯಿ ಇಳಿಯುತ್ತದೆ. ಹಿಂದಿನ ಯಾವುದೋ ಬುಕಿಂಗ್‌ನಿಂದ ವಾಲೆಟ್‌ನಲ್ಲಿ ಬಿದ್ದಿರುವ 300 ರೂಪಾಯಿ ಬೋನಸ್ಸನ್ನೂ ಬಳಸಬಹುದು. ಉಳಿದ 13,000ವನ್ನು ಆನ್‌ಲೈನ್ ಖರ್ಚಿಗೆ ಶೇ. 5 ಕ್ಯಾಶ್‌ಬ್ಯಾಕ್ ಕೊಡುವ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದರೆ ಮುಂದೆ 650 ರೂಪಾಯಿ ಕಾರ್ಡಿಗೆ ಜಮೆಯಾಗುತ್ತದೆ. ಅಂಕಿಗಳು ಉದಾಹರಣೆಗಷ್ಟೇ, ಆದರೆ ಲೆಕ್ಕ ನಡೆಯುವ ಕ್ರಮ ಇದೇ.

ಈ ಮೂರೂ ಒಟ್ಟಿಗೆ ಸಿಕ್ಕಿದ್ದಕ್ಕೆ ಕಾರಣವಿದೆ. ಕೋಡ್ ಹಾಕಲು ಸಾಮಾನ್ಯವಾಗಿ ಇರುವುದು ಒಂದೇ ಜಾಗ. ‘ಇಂಥ ಬ್ಯಾಂಕಿನ ಕಾರ್ಡಿಗೆ ತಕ್ಷಣ ರಿಯಾಯಿತಿ’ ಎಂಬ ಕೊಡುಗೆಗೂ ಬಹಳ ಕಡೆ ಒಂದು ಕೋಡ್ ಬೇಕು. ಅದನ್ನು ಹಾಕಿದರೆ ಇನ್ನೊಂದು ಕೋಡಿಗೆ ಎಡೆಯಿಲ್ಲ. ಕಾರ್ಡು ತಾನಾಗಿಯೇ ಕೊಡುವ ಕ್ಯಾಶ್‌ಬ್ಯಾಕಿಗೆ ಆ ಜಾಗದ ಹಂಗಿಲ್ಲ, ಹಾಗಾಗಿ ಅದು ಯಾವ ಕೋಡಿನ ಜೊತೆಗೂ ಸೇರುತ್ತದೆ. ವಾಲೆಟ್ಟಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಬ್ಯಾಂಕಿನ ಕೊಡುಗೆಗೆ ‘ಕನಿಷ್ಠ ಇಷ್ಟು ಪಾವತಿ’ ಎಂಬ ಷರತ್ತಿದ್ದರೆ, ವಾಲೆಟ್ಟಿನ ಹಣ ಕಳೆದು ಕಾರ್ಡಿಗೆ ಬರುವ ಮೊತ್ತ ಆ ಗೆರೆಯ ಕೆಳಗೆ ಇಳಿಯಬಹುದು. ಕಾರ್ಡಿನಿಂದ ವಾಲೆಟ್ಟಿಗೆ ಹಣ ತುಂಬಿಸಿ ಅಲ್ಲಿಂದ ಕಟ್ಟುವುದೂ ಬೇಡ. ವಾಲೆಟ್ ತುಂಬಿಸಿದ್ದಕ್ಕೆ ಅನೇಕ ಕಾರ್ಡುಗಳು ಕ್ಯಾಶ್‌ಬ್ಯಾಕ್ ಕೊಡುವುದಿಲ್ಲ. ಟಿಕೆಟ್ ರದ್ದಾದಾಗ ಹಣವೂ ಕಾರ್ಡಿಗೆ ಬರದೆ ವಾಲೆಟ್ಟಿನಲ್ಲೇ ಉಳಿಯುತ್ತದೆ.

ಈಗ ಒಬ್ಬರ ಪ್ರಯಾಣ ತಪ್ಪಿತು ಎನ್ನೋಣ. ವಿಮಾನ ಸಂಸ್ಥೆ 3,500 ಹಿಡಿಯುತ್ತದೆ, ಆ್ಯಪ್ 400 ಹಿಡಿಯುತ್ತದೆ. ಏಳು ಸಾವಿರದಲ್ಲಿ 3,100 ಬರಬೇಕು ಎಂದು ಮನೆಯಲ್ಲಿ ಲೆಕ್ಕ ಹಾಕುತ್ತಾರೆ, ಬರುವುದು ಮಾತ್ರ 2,400. ಇದರಲ್ಲಿ ಮೋಸವಿಲ್ಲ. ಕೋಡಿನ 1,400ರಲ್ಲಿ ಅರ್ಧ ಈ ಟಿಕೆಟ್ಟಿನದು, ಆ 700 ರೂಪಾಯಿಯನ್ನು ನೀವು ಕಟ್ಟಿಯೇ ಇರಲಿಲ್ಲ. ಈ 2,400ರಲ್ಲೂ ವಾಲೆಟ್ಟಿನ ಪಾಲಾದ 150 ವಾಲೆಟ್ಟಿಗೇ ಹಿಂತಿರುಗುತ್ತದೆ. ಬೋನಸ್ಸಿನ ಅವಧಿ ಮುಗಿದಿದ್ದರೆ ಅದು ಕೈತಪ್ಪಬಹುದು. ಕಾರ್ಡಿಗೆ ವಾಪಸಾದ ಮೊತ್ತದ ಮೇಲಿನ ಕ್ಯಾಶ್‌ಬ್ಯಾಕನ್ನು ಬ್ಯಾಂಕೂ ಕಳೆದುಕೊಳ್ಳುತ್ತದೆ. ಕನ್ವೀನಿಯನ್ಸ್ ಶುಲ್ಕ ಸಾಮಾನ್ಯವಾಗಿ ಬರುವುದೇ ಇಲ್ಲ.

ನಿಜವಾದ ಪೆಟ್ಟು ಬೀಳುವುದು ಷರತ್ತುಗಳ ನಡುವೆ ಅಡಗಿರುವ ಒಂದು ಸಾಲಿನಿಂದ. ಬುಕಿಂಗ್‌ನ ಒಂದು ಭಾಗ ರದ್ದಾದರೂ ಪೂರ್ತಿ ರಿಯಾಯಿತಿ ಹಿಂಪಡೆಯಲಾಗುವುದು ಎಂದು ಕೆಲವು ಕೋಡುಗಳಲ್ಲಿ ಬರೆದಿರುತ್ತದೆ. ಆಗ 3,100ರಲ್ಲಿ 1,400 ಪೂರ್ತಿ ಕಳೆದು 1,700 ಮಾತ್ರ ಬರುತ್ತದೆ. ಪ್ರಯಾಣ ಮಾಡಿದವರ ಪಾಲಿನ ರಿಯಾಯಿತಿಯೂ ಹೋಯಿತು!

ಹಾಗಾದರೆ ಇಬ್ಬರಿಗೂ ಬೇರೆ ಬೇರೆ ಬುಕಿಂಗ್ ಮಾಡಿದರೆ? ಒಂದು ಟಿಕೆಟ್ಟಿಗೆ ದೊಡ್ಡ ಕೋಡ್ ಹತ್ತದೆ, ತಲಾ 500 ಕೊಡುವ ಚಿಕ್ಕ ಕೋಡ್ ಸಿಕ್ಕಿತು ಎನ್ನೋಣ. ಇಬ್ಬರೂ ಹೋದರೆ 400 ರೂಪಾಯಿ ನಷ್ಟ. ಒಬ್ಬರು ಹೋಗದಿದ್ದರೆ 2,600 ವಾಪಸು ಬರುತ್ತದೆ, ಅಂದರೆ 1,700ಕ್ಕಿಂತ 900 ಹೆಚ್ಚು. ಮೊದಲೇ 400 ಹೆಚ್ಚು ಕಟ್ಟಿದ್ದರಿಂದ ಕೊನೆಗೆ ಉಳಿಯುವುದು 500. ಆದ್ದರಿಂದ ಒಬ್ಬರು ಹೊರಡುವುದು ಅರ್ಧಕ್ಕರ್ಧ ಅನುಮಾನವಿದ್ದಾಗ ಮಾತ್ರ ಬೇರೆ ಬುಕಿಂಗ್ ಮಾಡುವುದರಲ್ಲಿ ಅರ್ಥವಿದೆ. ಕೋಡಿನ ಷರತ್ತಿನಲ್ಲಿ ಆ ಒಂದು ಸಾಲು ಇಲ್ಲದಿದ್ದರೆ ಒಟ್ಟಿಗೆ ಮಾಡುವುದೇ ಎರಡೂ ಸಂದರ್ಭದಲ್ಲಿ ಅಗ್ಗ. ಹಾಗಾಗಿ ಶೇಕಡಾ ಎಷ್ಟು ಎಂದು ನೋಡುವ ಮೊದಲು ‘ಭಾಗಶಃ ರದ್ದತಿ’ಯ ಬಗ್ಗೆ ಏನು ಬರೆದಿದೆ ಎಂದು ಓದಬೇಕು. ಓದಿ, ಬೆಲೆಯ ವಿವರದ ಜೊತೆಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಕೊಡುಗೆ ಮುಗಿದ ಮೇಲೆ ಆ ಪುಟ ಸಿಗದೆ ಹೋಗಬಹುದು.

ಯಾವ ಕೊಡುಗೆಯೂ ಕಿತ್ತುಕೊಳ್ಳಲಾಗದ ಒಂದು ಹಕ್ಕಿದೆ. ನಾಗರಿಕ ವಿಮಾನಯಾನ ನಿರ್ದೇಶನಾಲಯದ ನಿಯಮದಂತೆ ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲ. ‘ಹಣ ವಾಪಸಿಲ್ಲ’ ಎಂಬ ಅಗ್ಗದ ಟಿಕೆಟ್ಟೇ ಆಗಿರಲಿ, ನೀವು ವಿಮಾನ ನಿಲ್ದಾಣಕ್ಕೇ ಹೋಗದಿರಲಿ, ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಬಳಕೆದಾರ ಶುಲ್ಕವನ್ನು ವಾಪಸು ಕೊಡಲೇಬೇಕು. ಆ್ಯಪ್ ಮೂಲಕ ಕೊಂಡಿದ್ದರೂ ಅದರ ಹೊಣೆ ವಿಮಾನ ಸಂಸ್ಥೆಯದೇ. ಹಣದ ಬದಲು ಮುಂದಿನ ಪ್ರಯಾಣಕ್ಕೆ ಕ್ರೆಡಿಟ್ ಕೊಡುತ್ತೇವೆಂದರೆ ಒಪ್ಪುವುದೂ ಬಿಡುವುದೂ ನಿಮ್ಮ ಇಷ್ಟ.

ರದ್ದು ಮಾಡುವಾಗ ಕೊನೆಯ ಬಟನ್ ಒತ್ತುವ ಮೊದಲು ಎಷ್ಟು ಬರುತ್ತದೆ, ಎಷ್ಟು ಕಾರ್ಡಿಗೆ, ಎಷ್ಟು ವಾಲೆಟ್ಟಿಗೆ ಎಂದು ಹೆಚ್ಚಿನ ಆ್ಯಪ್‌ಗಳು ತೋರಿಸುತ್ತವೆ. ಲೆಕ್ಕ ತಾಳೆಯಾಗದಿದ್ದರೆ ಅಲ್ಲೇ ನಿಂತು ಗ್ರಾಹಕ ಸೇವೆಯವರನ್ನು ಕೇಳಿ. ಹಣ ಕಳಿಸಿದ್ದೇವೆ ಎಂದು ಆ್ಯಪ್ ಹೇಳಿದ ಮೇಲೂ ಕಾರ್ಡಿಗೆ ಬಾರದಿದ್ದರೆ ARN ಎಂಬ ಸಂಖ್ಯೆಯನ್ನು ಕೇಳಿ ಪಡೆದು ಬ್ಯಾಂಕಿಗೆ ಕೊಡಿ. ಆ ಸಂಖ್ಯೆ ಹಿಡಿದು ಹಣ ಎಲ್ಲಿದೆ ಎಂದು ಬ್ಯಾಂಕಿನವರು ಹುಡುಕಬಲ್ಲರು.