ಉತ್ತರ ಅರ್ಧಕ್ಕೇ ನಿಂತಾಗ

ಫೋನಿನ ಎ.ಐ. ಆ್ಯಪಿನಲ್ಲಿ ಅಡಿಗೆಯ ಕ್ರಮವನ್ನೋ ಮನೆಯ ಲೆಕ್ಕವನ್ನೋ ಕೇಳುವ ರೂಢಿ ಈಗ ನಮ್ಮಂಥವರ ಮನೆಗೂ ಬಂದಿದೆ. ಉದ್ದನೆಯ ಉತ್ತರ ಬರುತ್ತಾ ಬರುತ್ತಾ ವಾಕ್ಯದ ನಡುವೆಯೇ ನಿಂತುಬಿಡುವುದನ್ನು ನೀವೂ ನೋಡಿರಬಹುದು. ಆಗ ನಾವು continue ಎಂದೋ ‘ಮುಂದುವರಿಸು’ ಎಂದೋ ಬರೆಯುತ್ತೇವೆ. ನಿಂತದ್ದು ಮುಂದೆ ಓಡುತ್ತದೆ. ಆದರೆ ಅದನ್ನು ಕಣ್ಣುಮುಚ್ಚಿ ನಂಬಬೇಡಿ!

ಕಳೆದ ಬೇಸಿಗೆಯಲ್ಲಿ ನಾನು 4 ಕಿಲೋ ಮಾವಿನ ಹೋಳಿನ ಉಪ್ಪಿನಕಾಯಿಗೆ ಅಳತೆ ಕೇಳಿದೆ. ಉಪ್ಪು 800 ಗ್ರಾಂ ಎಂದು ಬಂತು, ಸರಿಯಾಗಿಯೇ ಇತ್ತು. ಮಸಾಲೆಯ ಮಾತು ಶುರುವಾಗುವಷ್ಟರಲ್ಲಿ ಉತ್ತರ ನಿಂತಿತು. continue ಎಂದು ಬರೆದೆ. ಉಳಿದದ್ದು ಬಂತು: ಖಾರದ ಪುಡಿ 100 ಗ್ರಾಂ, ಸಾಸಿವೆ 50 ಗ್ರಾಂ. ಅಷ್ಟು ಹೋಳಿಗೆ ಇಷ್ಟೇನಾ? ನೋಡಿದರೆ ಅದು 1 ಕಿಲೋ ಹೋಳಿನ ಅಳತೆ!

ಕಂಪ್ಯೂಟರ್ ಕೆಲಸದಲ್ಲಿರುವ ಅಕ್ಕನ ಮಗನನ್ನು ಕೇಳಿದೆ. “ಚಿಕ್ಕಮ್ಮಾ, ಉಳಿದ ಅರ್ಧ ಎಲ್ಲೂ ಬರೆದಿಟ್ಟಿರೋದಿಲ್ಲ” ಅಂದ. ಆ್ಯಪು ಉತ್ತರವನ್ನು ಚೂರು ಚೂರಾಗಿ, ಒಂದರ ಮುಂದೊಂದು ಜೋಡಿಸುತ್ತಾ ಹೋಗುತ್ತದಂತೆ. ಒಂದು ಸಲಕ್ಕೆ ಇಷ್ಟೇ ಚೂರು ಎಂಬ ಮಿತಿಯಿದೆ. ಅದು ಮುಗಿದ ಕಡೆ ಮಾತು ತುಂಡಾಗುತ್ತದೆ. ಕನ್ನಡದ ಪದಗಳಿಗೆ ಸಾಮಾನ್ಯವಾಗಿ ಇಂಗ್ಲಿಷಿಗಿಂತ ಹೆಚ್ಚು ಚೂರು ಬೇಕಾಗುವುದರಿಂದ ನಮ್ಮ ಉತ್ತರ ಬೇಗ ನಿಲ್ಲುತ್ತದೆ.

continue ಎಂದಾಗ ನಮ್ಮ ಪ್ರಶ್ನೆ, ಅರ್ಧ ಉತ್ತರ, ಈ ಹೊಸ ಮಾತು ಎಲ್ಲವನ್ನೂ ಅದು ಮೊದಲಿಂದ ಮತ್ತೆ ಓದಿಕೊಂಡು, ಮುಂದೆ ಏನು ಬಂದರೆ ಹೊಂದುತ್ತದೆ ಎಂದು ಹೊಸದಾಗಿ ಬರೆಯುತ್ತದೆ. ಒಬ್ಬಾಕೆ ಅರ್ಧ ಹಾಕಿಟ್ಟ ರಂಗೋಲಿಯನ್ನು ಇನ್ನೊಬ್ಬಾಕೆ ಚುಕ್ಕಿ ನೋಡಿ ಮುಗಿಸಿದ ಹಾಗೆ. ಬಹುಮಟ್ಟಿಗೆ ಹೊಂದುತ್ತದೆ, ಕೆಲವೊಮ್ಮೆ ಎಳೆ ತಪ್ಪುತ್ತದೆ. ಹೇಳಿದ್ದನ್ನೇ ಮತ್ತೆ ಹೇಳಬಹುದು, ಒಂದು ಹಂತ ಬಿಡಬಹುದು, ಅಳತೆ ಬದಲಾಗಬಹುದು. ಹೊಸ ಪುಟ ತೆರೆದು continue ಎಂದರಂತೂ ಅಲ್ಲಿ ಅರ್ಧ ಉತ್ತರವೇ ಇರುವುದಿಲ್ಲ, ಮುಂದುವರಿಸುವುದು ಯಾವುದನ್ನು? ಮಾತುಕತೆ ಬಹಳ ಉದ್ದವಾಗಿದ್ದರೂ ತೊಂದರೆಯೇ. ಮೊದಲು ಹೇಳಿದ್ದು ಅದರ ಓದಿನಿಂದ ಬಿಟ್ಟುಹೋಗಬಹುದು.

ಆದ್ದರಿಂದ ಬರೀ continue ಅನ್ನಬೇಡಿ. ನಿಂತ ಕಡೆಯ ಸಾಲನ್ನೂ ಅಳತೆಯನ್ನೂ ಸೇರಿಸಿ ಹೀಗೆ ಬರೆಯಿರಿ: ‘ಹೋಳು 4 ಕಿಲೋ. ಹೋಳಿಗೆ ಉಪ್ಪು ಬೆರೆಸುವವರೆಗೆ ಬಂದಿದೆ. ಅದನ್ನು ಮತ್ತೆ ಹೇಳದೆ ಮಸಾಲೆಯಿಂದ ಮುಂದುವರಿಸು.’ ಬಂದ ಮೇಲೆ ಎರಡು ಭಾಗ ಸೇರುವ ಜಾಗವನ್ನು ಓದಿ, ಅಂಕಿಗಳನ್ನು ತಾಳೆ ನೋಡಿ. ನಾನು ಹಾಗೆ ಮತ್ತೆ ಕೇಳಿದಾಗ ಖಾರದ ಪುಡಿ 400 ಗ್ರಾಂ, ಸಾಸಿವೆ 200 ಗ್ರಾಂ ಎಂದು ಬಂತು. ಆಮೇಲೆಯೇ ಭರಣಿ ತೊಳೆದು ಒಣಗಿಸಿದೆ.