ಹಳೆಯ ಕಾರಿನ ವ್ಯಾಪಾರ: ಕೈಗೆ ಬರುವ ಲಾಭವೆಷ್ಟು?

ಕೆಂಕೆರೆ: ಕೊಬ್ಬರಿ ಮಾರಿದ ಹಣ ಕೈಸೇರಿದಾಗ ಹಳೆಯ ಕಾರೊಂದನ್ನು ಕೊಳ್ಳುವ ಆಲೋಚನೆ ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರರಿಗೆ ಹೊಸದಲ್ಲ. ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರವೆಲ್ಲ ವ್ಯಾಪಾರಿಯ ಜೇಬು ಸೇರುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಲೆಕ್ಕ ಹಾಕಿ ನೋಡಿದರೆ ಚಿತ್ರವೇ ಬೇರೆ.

ಒಂದು ಉದಾಹರಣೆಯನ್ನು ಗಮನಿಸೋಣ. ಜಿಎಸ್‌ಟಿ ನೋಂದಣಿ ಹೊಂದಿದ ವ್ಯಾಪಾರಿಯೊಬ್ಬರು ಕೆಂಕೆರೆಯ ರೈತರೊಬ್ಬರಿಂದ ಸಣ್ಣ ಕಾರೊಂದನ್ನು 2,41,000 ರೂಪಾಯಿಗೆ ಕೊಂಡು, ತಿಪಟೂರಿನಲ್ಲಿ ತೆರಿಗೆಯೂ ಸೇರಿ 3 ಲಕ್ಷಕ್ಕೆ ಮಾರಿದರೆನ್ನಿ. ಅಂತರ 59,000 ರೂಪಾಯಿ. ಇದರಲ್ಲಿ ನಾಲ್ಕು ಟೈರುಗಳಿಗೆ 16,000, ಕ್ಲಚ್ ಬದಲಾವಣೆಗೆ 9,000, ಬಣ್ಣಕ್ಕೆ 5,000, ಹೀಗೆ ರಿಪೇರಿಗೆ 30,000 ಖರ್ಚಾಯಿತು. ಕಾರು ತೋರಿಸಿದ ದಲ್ಲಾಳಿಗೆ 5,000 ಕಮಿಷನ್ ಸಂದಿತು. ಉಳಿದದ್ದು 24,000.

ಇನ್ನು ತೆರಿಗೆಯ ಸರದಿ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿಯು ಹಳೆಯ ಕಾರುಗಳ ಮೇಲಿನ ದರವನ್ನು ಶೇ. 18ಕ್ಕೆ ಏಕರೂಪಗೊಳಿಸಿತು. ಅದಕ್ಕೆ ಮೊದಲು ಸಣ್ಣ ಕಾರುಗಳಿಗೆ ಶೇ. 12 ಇತ್ತು. ಈ ತೆರಿಗೆ ಬೀಳುವುದು ಪೂರ್ಣ ಬೆಲೆಯ ಮೇಲಲ್ಲ, ಕೊಂಡ ಮತ್ತು ಮಾರಿದ ಬೆಲೆಗಳ ಅಂತರದ ಮೇಲೆ ಮಾತ್ರ. ಆದರೆ ಆ ಅಂತರದಿಂದ ರಿಪೇರಿ ವೆಚ್ಚವನ್ನಾಗಲಿ ಕಮಿಷನ್ನನ್ನಾಗಲಿ ಕಳೆಯುವಂತಿಲ್ಲ. ತೆರಿಗೆಯೂ ಸೇರಿದ 59,000ದಲ್ಲಿ 50,000 ಮೂಲ, ಅದರ ಶೇ. 18 ಎಂದರೆ 9,000 ತೆರಿಗೆ. ವ್ಯಾಪಾರಿಗೆ ಉಳಿಯುವುದು 15,000 ರೂಪಾಯಿ.

ಎಂಜಿನ್ನಿನಲ್ಲಿ ದೋಷ ಕಂಡು ಇನ್ನೂ 25,000 ಸುರಿಯಬೇಕಾಯಿತೆನ್ನಿ. ಆಗ ತೆರಿಗೆಗೆ ಮೊದಲೇ 1,000 ರೂಪಾಯಿ ನಷ್ಟ. ಆದರೂ 9,000 ತೆರಿಗೆ ತಪ್ಪದು. ಒಟ್ಟು ನಷ್ಟ 10,000. ಕೊಂಡ ಬೆಲೆಗಿಂತ ಕಡಿಮೆಗೆ ಮಾರಿದಾಗ ಮಾತ್ರ ಈ ತೆರಿಗೆ ಇರುವುದಿಲ್ಲ.

ಆದುದರಿಂದಲೇ ಅನುಭವಿ ವ್ಯಾಪಾರಿಯು ಹಿಂದುಮುಂದಾಗಿ ಲೆಕ್ಕ ಹಾಕುತ್ತಾನೆ. ಮಾರಬಹುದಾದ ಬೆಲೆಯನ್ನು ಮೊದಲು ಅಂದಾಜಿಸಿ, ರಿಪೇರಿ, ಕಮಿಷನ್, ತೆರಿಗೆ, ತನ್ನ ಲಾಭಗಳನ್ನು ಕಳೆದು ಕೊಳ್ಳುವ ಬೆಲೆಯನ್ನು ನಿರ್ಧರಿಸುತ್ತಾನೆ. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡುತ್ತಾನೆ. ನೀಲಿ ಹೊಗೆ ಬಂದರೆ ಒಳಗೆ ಆಯಿಲ್ ಉರಿಯುತ್ತಿದೆ ಎಂದರ್ಥ.

ಕೊನೆಯದು ಬಡ್ಡಿ. ಕಾರಿಗೆ, ರಿಪೇರಿಗೆ ಹೂಡಿದ 2,71,000ಕ್ಕೆ ತಿಂಗಳಿಗೆ ನೂರಕ್ಕೆ ಒಂದೂವರೆ ರೂಪಾಯಿಯಂತೆ 4,065 ಬಡ್ಡಿಯಾದರೆ, ಕಾರು ಮೂರು ತಿಂಗಳು ನಿಂತಾಗ 12,195 ಹೋಗಿ ಉಳಿಯುವುದು ಕೇವಲ 2,805. ಅಟ್ಟದಲ್ಲಿಟ್ಟ ಕಾಯಿ ಕಾಲ ಕಳೆದಂತೆ ಕೊಬ್ಬರಿಯಾಗುತ್ತದೆ. ಅಂಗಳದಲ್ಲಿ ನಿಂತ ಕಾರು ಹಳತಾಗುತ್ತದೆ, ಅಷ್ಟೆ.