ಬ್ಯಾಂಕಾಕ್‌ನಲ್ಲಿ ಪಾಸ್‌ಪೋರ್ಟ್ ಕಳೆದರೆ ಮೊದಲು ಎಲ್ಲಿಗೆ?

ಶನಿವಾರ ಸಂಜೆ, ಬ್ಯಾಂಕಾಕ್‌ನ ಚಾತುಚಕ್ ಸಂತೆ. ಕಾಲಿಡಲು ಜಾಗವಿಲ್ಲದ ಓಣಿಗಳಲ್ಲಿ ಎರಡು ಗಂಟೆ ಅಲೆದು ಹೊರಬಂದ ಹುಬ್ಬಳ್ಳಿಯ ಎಂಜಿನಿಯರ್ ಒಬ್ಬ ಬೆನ್ನಚೀಲ ಮುಂದಕ್ಕೆಳೆದು ನೋಡುತ್ತಾನೆ. ಜಿಪ್ ತೆರೆದಿದೆ. ಪರ್ಸೂ ಇಲ್ಲ, ಪಾಸ್‌ಪೋರ್ಟೂ ಇಲ್ಲ. ಕೈಯಲ್ಲಿದ್ದ ಮೊಬೈಲ್ ಮಾತ್ರ ಉಳಿದಿದೆ. ಸೋಮವಾರ ರಾತ್ರಿ ಬೆಂಗಳೂರಿಗೆ ವಿಮಾನ. ಈ ಎಂಜಿನಿಯರ್ ಕಲ್ಪಿತ ವ್ಯಕ್ತಿ, ಆದರೆ ಅವನ ಪರಿಸ್ಥಿತಿ ಅಪರೂಪದ್ದೇನಲ್ಲ. ಇಂಥ ಹೊತ್ತಿನಲ್ಲಿ ಬಹುತೇಕರಿಗೆ ಮೊದಲು ಹೊಳೆಯುವುದು ಟ್ಯಾಕ್ಸಿ ಹಿಡಿದು ಭಾರತೀಯ ರಾಯಭಾರ ಕಚೇರಿಗೆ ಓಡುವುದು. ಶನಿವಾರ ಸಂಜೆ ಅಲ್ಲಿ ಗೇಟು ಮುಚ್ಚಿರುತ್ತದೆ. ತೆರೆದಿದ್ದರೂ ಮೊದಲು ಕೇಳುವುದು ಪೊಲೀಸ್ ವರದಿಯನ್ನೇ.

ಆದರೆ ಪೊಲೀಸರಿಗಿಂತ ಮುಂಚೆ ಆಗಬೇಕಾದ ಕೆಲಸ ನಿಂತಲ್ಲೇ ಮುಗಿಯುವಂಥದ್ದು. ಪಾಸ್‌ಪೋರ್ಟನ್ನು ಕಳ್ಳ ತಕ್ಷಣ ಹಣವಾಗಿಸಿಕೊಳ್ಳುವುದು ಕಷ್ಟ. ಕಾರ್ಡ್‌ಗೆ ನಿಮಿಷಗಳು ಸಾಕು. ಭಾರತದಲ್ಲಿ ಆನ್‌ಲೈನ್ ಖರೀದಿಗೆ ಒಟಿಪಿ ಕೇಳುವುದನ್ನು ನೋಡಿ ನೋಡಿ ನಮಗೊಂದು ಧೈರ್ಯ ಬಂದುಬಿಟ್ಟಿದೆ. ವಿದೇಶದ ಎಷ್ಟೋ ಜಾಲತಾಣಗಳು ಕಾರ್ಡ್ ಸಂಖ್ಯೆ ಮತ್ತು ಹಿಂಬದಿಯ ಮೂರಂಕಿ ಇದ್ದರೆ ಒಟಿಪಿ ಇಲ್ಲದೆಯೇ ಹಣ ಕೀಳುತ್ತವೆ. ಅಂಗಡಿಗಳಲ್ಲಿ ಸಣ್ಣ ಮೊತ್ತಕ್ಕೆ ಕಾರ್ಡ್ ತಾಗಿಸಿದರೆ ಸಾಕು, ಪಿನ್ ಬೇಕಿಲ್ಲ.

ಹಾಗಾಗಿ ಬ್ಯಾಂಕಿನ ಆ್ಯಪ್ ತೆರೆದು ಪ್ರತಿ ಕಾರ್ಡಿನ ಅಂತರರಾಷ್ಟ್ರೀಯ ಬಳಕೆ, ಆನ್‌ಲೈನ್ ಬಳಕೆ, ತಾಗಿಸಿ ಪಾವತಿಸುವ ಸೌಲಭ್ಯ ಮೂರನ್ನೂ ಆಫ್ ಮಾಡಬೇಕು. ಈ ಸ್ವಿಚ್‌ಗಳನ್ನು ಗ್ರಾಹಕರ ಕೈಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2020ರಲ್ಲಿ ಎಲ್ಲ ಬ್ಯಾಂಕುಗಳಿಗೂ ವಿಧಿಸಿತು. ಒಂದು ವೇಳೆ ಪರ್ಸ್ ಹೋಟೆಲಿನ ಹಾಸಿಗೆಯ ಮೇಲೇ ಬಿದ್ದಿದ್ದರೆ ಮತ್ತೆ ಆನ್ ಮಾಡಿಕೊಳ್ಳಬಹುದು ಎಂಬುದು ಇದರ ಅನುಕೂಲ. ಆದರೆ ಇಲ್ಲಿ ಹಲವರು ಎಡವುತ್ತಾರೆ: ಸ್ವಿಚ್ ಆಫ್ ಮಾಡಿದರೆ ಬ್ಯಾಂಕಿಗೆ ದೂರು ಕೊಟ್ಟಂತಾಗುವುದಿಲ್ಲ. ಗ್ರಾಹಕರ ಹೊಣೆ ಎಷ್ಟೆಂದು ನಿಗದಿಪಡಿಸಿದ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನ ತಲೆಗೆ. ಅದಕ್ಕೆ ಮುಂಚಿನದ್ದು ಗ್ರಾಹಕರ ನಿರ್ಲಕ್ಷ್ಯದಿಂದ ಆಗಿದ್ದರೆ ಅವರ ತಲೆಗೆ. ಪಿನ್ ಬರೆದ ಚೀಟಿ ಪರ್ಸಿನಲ್ಲೇ ಇದ್ದರೆ ಅದು ನಿರ್ಲಕ್ಷ್ಯ ಎಂದು ಬೇರೆ ಹೇಳಬೇಕಿಲ್ಲ. ಆದ್ದರಿಂದ ಪರ್ಸ್ ಸಿಗುವುದಿಲ್ಲ ಎಂದು ಖಚಿತವಾದ ಕೂಡಲೇ ಗ್ರಾಹಕ ಸೇವೆಗೆ ಕರೆ ಮಾಡಿ ಕಾರ್ಡ್ ರದ್ದು ಮಾಡಿಸಿ, ದೂರಿನ ಸಂಖ್ಯೆ ಮತ್ತು ಸಮಯ ಬರೆದಿಟ್ಟುಕೊಳ್ಳಬೇಕು. 1800ರಿಂದ ಶುರುವಾಗುವ ಭಾರತದ ಉಚಿತ ಸಂಖ್ಯೆಗಳು ಹೊರದೇಶದಿಂದ ಸಾಮಾನ್ಯವಾಗಿ ತಾಗುವುದಿಲ್ಲ. +91 ಇರುವ ಸಂಖ್ಯೆಯನ್ನು ಬ್ಯಾಂಕಿನ ಜಾಲತಾಣದಲ್ಲಿ ಹುಡುಕಿ ಕರೆ ಮಾಡಬೇಕು.

ಪಾಸ್‌ಪೋರ್ಟಿನ ವಿಷಯದಲ್ಲಿ ಮಾತ್ರ ಇಷ್ಟು ಅವಸರ ಬೇಡ. ಹೋದ ದಾರಿಯಲ್ಲೇ ಹಿಂದಿರುಗಿ ಊಟ ಮಾಡಿದ ಅಂಗಡಿ, ಸಂತೆಯ ಮಾಹಿತಿ ಕೇಂದ್ರ, ಹೋಟೆಲಿನ ಲಾಕರ್ ಎಲ್ಲವನ್ನೂ ವಿಚಾರಿಸುವುದು ಒಳ್ಳೆಯದು. ಎಷ್ಟೋ ಸಲ ಕಳ್ಳರು ದುಡ್ಡು ತೆಗೆದುಕೊಂಡು ಉಳಿದದ್ದನ್ನು ಕಸದ ಬುಟ್ಟಿಗೆ ಹಾಕಿರುತ್ತಾರೆ. ಹೀಗೆ ಹುಡುಕಿ ನೋಡುವುದಕ್ಕೆ ಬಲವಾದ ಕಾರಣವಿದೆ. ಕಳೆದಿದೆ ಎಂದು ಒಮ್ಮೆ ರಾಯಭಾರ ಕಚೇರಿಗೆ ತಿಳಿಸಿದರೆ ಆ ಪಾಸ್‌ಪೋರ್ಟ್ ರದ್ದಾಗುತ್ತದೆ. ಮರುದಿನ ಸಿಕ್ಕರೂ ಅದು ಬರೀ ಪುಸ್ತಕ. ಅದನ್ನು ತೋರಿಸಿ ವಿಮಾನ ಹತ್ತಲು ಹೋದವರೇ ಕಳ್ಳರಂತೆ ಸಿಕ್ಕಿಬೀಳಬಹುದು.

ಸರ್ಕಾರಗಳು ಇಷ್ಟು ಬಿಗಿಯಾಗಿರುವುದಕ್ಕೆ ಒಂದು ಘಟನೆ ಸಾಕ್ಷಿ, ಅದರ ಬೇರು ಇರುವುದೂ ಥಾಯ್ಲೆಂಡಿನಲ್ಲೇ. 2014ರ ಮಾರ್ಚ್ 8ರಂದು ಕಣ್ಮರೆಯಾದ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್ 370 ವಿಮಾನದಲ್ಲಿ ಇಬ್ಬರು ಇರಾನಿ ಯುವಕರು ಬೇರೆಯವರ ಪಾಸ್‌ಪೋರ್ಟಿನಲ್ಲಿ ಪ್ರಯಾಣಿಸುತ್ತಿದ್ದರು. ಒಂದು ಆಸ್ಟ್ರಿಯಾದ್ದು, ಇನ್ನೊಂದು ಇಟಲಿಯದ್ದು; 2012 ಮತ್ತು 2013ರಲ್ಲಿ ಥಾಯ್ಲೆಂಡಿನಲ್ಲಿ ಕಳುವಾದವು. ವಿಮಾನದ ಕಣ್ಮರೆಗೂ ಅವರಿಗೂ ಸಂಬಂಧವಿಲ್ಲ ಎಂದು ತನಿಖೆಗಾರರು ಹೇಳಿದರು. ಆ ಎರಡೂ ಪಾಸ್‌ಪೋರ್ಟ್‌ಗಳ ಸಂಖ್ಯೆ ಇಂಟರ್‌ಪೋಲ್‌ನ ಕಳುವಾದ ದಾಖಲೆಗಳ ಪಟ್ಟಿಯಲ್ಲಿತ್ತು, ಆದರೆ ವಿಮಾನ ಹತ್ತಿಸುವಾಗ ಆ ಪಟ್ಟಿಯನ್ನು ಯಾರೂ ನೋಡಿರಲಿಲ್ಲ.

ಹುಡುಕಿದ್ದಾಯಿತು, ಸಿಗಲಿಲ್ಲ. ಇನ್ನು ಪೊಲೀಸ್ ಠಾಣೆ. ಥಾಯ್ಲೆಂಡಿನಲ್ಲಿ ಪ್ರವಾಸಿಗರಿಗೆಂದೇ ಪ್ರವಾಸಿ ಪೊಲೀಸ್ ವಿಭಾಗವಿದೆ. 1155ಕ್ಕೆ ಕರೆ ಮಾಡಿದರೆ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ಯಾವ ಠಾಣೆಗೆ ಹೋಗಬೇಕೆಂದು ಹೇಳುತ್ತಾರೆ. ವರದಿಯಲ್ಲಿ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಜಾಗ, ಹೊತ್ತು, ಹೋದ ವಸ್ತುಗಳ ಪಟ್ಟಿ ಎಲ್ಲವೂ ಇರಬೇಕು. ಪರ್ಸ್ ಮತ್ತು ಕಾರ್ಡ್‌ಗಳ ವಿಷಯ ಬಿಟ್ಟುಹೋದರೆ ಮುಂದೆ ವಿಮಾ ಕಂಪನಿ, ಬ್ಯಾಂಕ್ ಎರಡೂ ತಕರಾರು ತೆಗೆಯುತ್ತವೆ. ಪ್ರವಾಸ ವಿಮೆಯ ಷರತ್ತುಗಳಲ್ಲಿ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಿರಬೇಕು ಎಂಬ ಸಾಲು ಸಾಮಾನ್ಯವಾಗಿ ಇರುವುದರಿಂದ ಭಾನುವಾರದ ನಿದ್ದೆ ಮುಗಿಸಿ ಹೋಗೋಣ ಎಂದರೆ ನಡೆಯದು.

ಸಂಖ್ಯೆಯೇ ನೆನಪಿಲ್ಲದಿದ್ದರೆ? ಮೊಬೈಲಿನಲ್ಲಿ ಫೋಟೋ ತೆಗೆದಿಡದವರು ಹೋಟೆಲಿನ ಸ್ವಾಗತ ಮೇಜಿಗೆ ಹೋಗಬೇಕು. ಥಾಯ್ಲೆಂಡಿನ ವಲಸೆ ಕಾಯ್ದೆಯಂತೆ ವಿದೇಶಿಯರು ತಂಗಿದ 24 ಗಂಟೆಯೊಳಗೆ ಅವರ ವಿವರವನ್ನು ಹೋಟೆಲಿನವರು ವಲಸೆ ಇಲಾಖೆಗೆ ಕಳಿಸಬೇಕು. ಅದಕ್ಕಾಗಿಯೇ ಚೆಕ್-ಇನ್ ಹೊತ್ತಿಗೆ ಪಾಸ್‌ಪೋರ್ಟಿನ ಪ್ರತಿ ತೆಗೆದಿಟ್ಟುಕೊಂಡಿರುತ್ತಾರೆ. ಆಗ ಕಿರಿಕಿರಿ ಎನಿಸಿದ ಆ ಜೆರಾಕ್ಸ್ ಈಗ ಆಧಾರ.

ಸೋಮವಾರ ಬೆಳಿಗ್ಗೆ ಸುಖುಮ್‌ವಿತ್ ಸೋಯಿ 23ರಲ್ಲಿರುವ ಭಾರತೀಯ ರಾಯಭಾರ ಕಚೇರಿ. ಹೋಗುವ ಮುನ್ನ ಜಾಲತಾಣ ನೋಡಬೇಕು, ಏಕೆಂದರೆ ಭಾರತದ ಹಬ್ಬಕ್ಕೂ ರಜೆ, ಥಾಯ್ ಹಬ್ಬಕ್ಕೂ ರಜೆ ಇರಬಹುದು. ಇಲ್ಲಿ ಎರಡು ದಾರಿಗಳಿವೆ. ಒಂದು ಹೊಸ ಪಾಸ್‌ಪೋರ್ಟ್, ಅದಕ್ಕೆ ಕಾಯಬೇಕು. ಇನ್ನೊಂದು ಎಮರ್ಜೆನ್ಸಿ ಸರ್ಟಿಫಿಕೇಟ್, ಎಂದರೆ ಭಾರತಕ್ಕೆ ಒಂದೇ ಒಂದು ಸಲ ಮರಳಲು ಕೊಡುವ ಪ್ರಯಾಣಪತ್ರ. ಅಲ್ಲೇ ಕೆಲಸದಲ್ಲಿರುವವರಿಗೆ, ಇನ್ನೂ ಬೇರೆ ದೇಶ ಸುತ್ತುವವರಿಗೆ ಮೊದಲನೆಯದೇ ಬೇಕು. ಮನೆಗೆ ಹೊರಟ ನಮ್ಮ ಎಂಜಿನಿಯರ್‌ಗೆ ಎರಡನೆಯದು ಸಾಕು. ಪೊಲೀಸ್ ವರದಿ, ಹಳೆಯ ಪಾಸ್‌ಪೋರ್ಟಿನ ಪ್ರತಿ, ಫೋಟೋ, ಭಾರತೀಯ ನಾಗರಿಕನೆಂದು ತೋರಿಸುವ ಯಾವುದಾದರೂ ದಾಖಲೆ, ವಿಮಾನದ ಟಿಕೆಟ್ ಇಷ್ಟನ್ನು ಒಯ್ಯಬೇಕು. ಹಳೆಯ ಪಾಸ್‌ಪೋರ್ಟಿನ ವಿವರ ಕಂಪ್ಯೂಟರಿನಲ್ಲಿ ಸಿಕ್ಕು ಹೊಂದಿಕೆಯಾದರೆ ಬೇಗ ಕೊಡುತ್ತಾರೆ. ಸಿಗದಿದ್ದರೆ ಭಾರತದಿಂದ ಖಚಿತಪಡಿಸಿಕೊಳ್ಳುವವರೆಗೆ ಕಾಯಬೇಕು. ಇಷ್ಟೇ ಹೊತ್ತು ಎಂದು ಯಾರೂ ಮಾತು ಕೊಡುವುದಿಲ್ಲವಾದ್ದರಿಂದ ಸೋಮವಾರ ರಾತ್ರಿಯ ಟಿಕೆಟನ್ನು ಬೆಳಿಗ್ಗೆಯೇ ಮುಂದೂಡುವುದು ಜಾಣತನ.

ಪ್ರಯಾಣಪತ್ರ ಕೈಗೆ ಬಂತೆಂದು ನೇರ ವಿಮಾನ ನಿಲ್ದಾಣಕ್ಕೆ ಹೋದವರು ಸಿಕ್ಕಿಕೊಳ್ಳುವುದು ಇಲ್ಲೇ. ಥಾಯ್ಲೆಂಡಿಗೆ ಯಾವಾಗ ಬಂದರು, ಎಲ್ಲಿಯವರೆಗೆ ಇರಬಹುದು ಎಂದು ಹೇಳುವ ಮುದ್ರೆ ಹಳೆಯ ಪಾಸ್‌ಪೋರ್ಟಿನ ಜೊತೆಗೇ ಹೋಗಿದೆ. ಅದನ್ನು ಹೊಸ ಕಾಗದಕ್ಕೆ ವರ್ಗಾಯಿಸಿಕೊಳ್ಳಬೇಕಾದದ್ದು ಊರಿನ ಉತ್ತರಕ್ಕಿರುವ ಚೆಂಗ್ ವತ್ತನಾದ ವಲಸೆ ಕಚೇರಿಯಲ್ಲಿ. ಶನಿವಾರ, ಭಾನುವಾರ ಅದೂ ಮುಚ್ಚಿರುತ್ತದೆ. ಈ ಓಡಾಟದಲ್ಲಿ ತಂಗುವ ಅವಧಿ ಮುಗಿದರೆ ದಿನಕ್ಕೆ 500 ಬಾತ್ ದಂಡ. ಅವಧಿ ಮುಗಿಯಲು ಎರಡೇ ದಿನ ಉಳಿದಿರುವವರು ಇದನ್ನು ರಾಯಭಾರ ಕಚೇರಿಯಲ್ಲೇ ಬಾಯಿಬಿಟ್ಟು ಹೇಳಿಕೊಳ್ಳಬೇಕು. ಇಂಥ ಕೊನೆಯ ಗಂಟು ಬೇರೆ ದೇಶಗಳಲ್ಲೂ ಇದೆ. ದುಬೈಯಂಥ ಕಡೆ ದೇಶ ಬಿಡಲು ಪ್ರತ್ಯೇಕ ಅನುಮತಿಯನ್ನೇ ಪಡೆಯಬೇಕಾಗುತ್ತದೆ.

ಟಿಕೆಟ್ ಬದಲಿಸುವಾಗ ನೇರ ವಿಮಾನವನ್ನೇ ಆರಿಸಬೇಕು. ಸಿಂಗಪುರದಲ್ಲೋ ಕ್ವಾಲಾಲಂಪುರದಲ್ಲೋ ಇಳಿದು ಹತ್ತುವ ಟಿಕೆಟ್ ಅಗ್ಗವಿರಬಹುದು, ಆದರೆ ಭಾರತಕ್ಕೆ ಮಾತ್ರ ಮಾನ್ಯವಾದ ಕಾಗದ ಹಿಡಿದವರನ್ನು ಮೂರನೆಯ ದೇಶದ ದಾರಿಯಲ್ಲಿ ಕಳಿಸಲು ವಿಮಾನ ಕಂಪನಿ ಒಪ್ಪದೇ ಹೋಗಬಹುದು.

ಇಷ್ಟು ದಿನ ಊಟ, ಟ್ಯಾಕ್ಸಿ, ಕೋಣೆಗೆ ಹಣ ಎಲ್ಲಿಂದ? ಊರಿನಿಂದ ಅಪ್ಪ ವೆಸ್ಟರ್ನ್ ಯೂನಿಯನ್ ಅಂಗಡಿಗೆ ಹೋಗಿ ಕಳಿಸಲಿ ಎನ್ನುವುದು ಮೊದಲ ಯೋಚನೆ. ಆದರೆ ನಮ್ಮೂರಿನ ಆ ಕೌಂಟರುಗಳು ನಡೆಯುವ ರಿಸರ್ವ್ ಬ್ಯಾಂಕಿನ ಯೋಜನೆಯಲ್ಲಿ ಹೊರದೇಶದಿಂದ ಹಣ ಬರಬಹುದು, ಇಲ್ಲಿಂದ ಹೋಗುವಂತಿಲ್ಲ. ಅಮೆರಿಕದಲ್ಲಿರುವ ಅಣ್ಣ ಕಳಿಸಬಹುದು ನಿಜ. ಆಗಲೂ ಬ್ಯಾಂಕಾಕ್‌ನ ಕೌಂಟರಿನವರು ಕೇಳುವುದು ಪಾಸ್‌ಪೋರ್ಟನ್ನೇ!

ಕೆಲಸಕ್ಕೆ ಬರುವ ದಾರಿಗಳು ಇದಕ್ಕಿಂತ ಸಾದಾ. ಕೋಣೆಯ ಬಾಡಿಗೆ ಮತ್ತು ಹೊಸ ಟಿಕೆಟನ್ನು ಮನೆಯವರು ಭಾರತದಿಂದಲೇ ತಮ್ಮ ಕಾರ್ಡಿನಲ್ಲಿ ಕಟ್ಟಬಹುದು. ಹೀಗೆ ದೊಡ್ಡ ಖರ್ಚುಗಳು ಕಳೆದರೆ ಉಳಿಯುವುದು ಕೈಖರ್ಚು. ವೀಸಾ ಮತ್ತು ಮಾಸ್ಟರ್‌ಕಾರ್ಡ್ ಎರಡಕ್ಕೂ ತುರ್ತು ನಗದು ಮತ್ತು ತುರ್ತು ಬದಲಿ ಕಾರ್ಡ್ ಕೊಡುವ ಸೇವೆ ಇದೆ, ಆದರೆ ಕಾರ್ಡ್ ಕೊಟ್ಟ ಬ್ಯಾಂಕ್ ಒಪ್ಪಬೇಕು. ಆದ್ದರಿಂದ ಕಾರ್ಡ್ ರದ್ದು ಮಾಡಿಸುವ ಕರೆಯಲ್ಲೇ ಇದನ್ನೂ ಕೇಳಿಬಿಡಬೇಕು. ಪ್ರವಾಸ ವಿಮೆಯ ಸಹಾಯವಾಣಿಯೂ ಕೆಲವೊಮ್ಮೆ ತುರ್ತು ನಗದಿಗೆ ವ್ಯವಸ್ಥೆ ಮಾಡುತ್ತದೆ. ಕಳೆದುಹೋದ ನಗದನ್ನು ವಿಮೆ ತುಂಬಿಕೊಡುತ್ತದೆಂಬ ಆಸೆ ಬೇಡ. ಹೆಚ್ಚಿನ ಪಾಲಿಸಿಗಳು ಕೊಡುವುದು ಹೊಸ ಪಾಸ್‌ಪೋರ್ಟ್ ಮಾಡಿಸುವ ಖರ್ಚನ್ನು. ಅದಕ್ಕೆ ಪ್ರತಿ ರಸೀದಿಯನ್ನೂ ಇಟ್ಟುಕೊಂಡಿರಬೇಕು. ಫಾರೆಕ್ಸ್ ಕಾರ್ಡ್ ಕೊಳ್ಳುವಾಗ ಎರಡನೆಯ ಕಾರ್ಡನ್ನೂ ಪಡೆದು ಹೋಟೆಲಿನಲ್ಲೇ ಬಿಟ್ಟುಬಂದವರಿಗೆ ಈ ಇಡೀ ಪ್ಯಾರಾ ಬೇಕಾಗಿಲ್ಲ.

ಬೆಂಗಳೂರಿನಲ್ಲಿ ಇಳಿದ ಮೇಲೆ ವಲಸೆ ಅಧಿಕಾರಿಗಳು ಪ್ರಯಾಣಪತ್ರವನ್ನು ಇಟ್ಟುಕೊಳ್ಳುವುದರಿಂದ ಮೊದಲೇ ಅದರ ಪ್ರತಿ ತೆಗೆದಿಟ್ಟಿರಬೇಕು. ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಮರುವಿತರಣೆ ವಿಭಾಗದಲ್ಲಿ ಕಳೆದುಹೋಗಿದೆ ಎಂಬ ಕಾರಣ ಆರಿಸಿ, ಹೇಗೆ ಎಲ್ಲಿ ಕಳೆಯಿತೆಂಬ ಪ್ರಮಾಣಪತ್ರವನ್ನು ಅನುಬಂಧ ಎಫ್ ನಮೂನೆಯಲ್ಲಿ ಕೊಡಬೇಕು. ಜೊತೆಗೆ ಬ್ಯಾಂಕಾಕ್‌ನ ಪೊಲೀಸ್ ವರದಿ ಇರಲಿ. ಮಾಮೂಲಿ ನವೀಕರಣಕ್ಕೆ 1,500 ರೂಪಾಯಿ ಆದರೆ, ಕಳೆದುಕೊಂಡವರಿಗೆ 36 ಪುಟದ ಪುಸ್ತಕಕ್ಕೆ 3,000. ಹಳೆಯ ಪುಸ್ತಕದಲ್ಲಿ ಹತ್ತು ವರ್ಷದ ಅಮೆರಿಕ ವೀಸಾ ಇತ್ತೆನ್ನಿ, ಅದಕ್ಕೆ ನಕಲು ಪ್ರತಿ ಸಿಗುವುದಿಲ್ಲ. ಕಳೆದದ್ದನ್ನು ಆ ದೇಶದ ದೂತಾವಾಸಕ್ಕೆ ತಿಳಿಸಿ, ಹೊಸದಾಗಿ ಅರ್ಜಿ ಹಾಕಿ, ಮತ್ತೆ ಶುಲ್ಕ ಕಟ್ಟಬೇಕು.